ಪೋಸ್ಟಿನ ಕೆಳಗೆ ನಾಲ್ಕು ಸಾಲು

ಸವದತ್ತಿ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತು ವರ್ಷಗಳೇ ಕಳೆದವು. ಊರ ಮಂದಿ ‘ಫ್ಯಾನು’ ಅನ್ನುವ ಆ ಯಂತ್ರಗಳನ್ನು ನೋಡಿಕೊಳ್ಳಲು ಎಲೆಕ್ಟ್ರಿಕಲ್ ಡಿಪ್ಲೊಮಾ, ಐಟಿಐ ಮಾಡಿದವರು ಬೇಕು. ಅಂಥವರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಆದರೆ ‘ಹುಡುಗ ಬೇಕಾಗ್ಯಾನ’ ಎಂಬ ಸುದ್ದಿ ಈಗ ಚಹಾದಂಗಡಿಗೆ ಮೊದಲು ಬರುವುದಿಲ್ಲ. ಸೈಟ್ ಮ್ಯಾನೇಜರ್ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಹಾಕುತ್ತಾನೆ. ಗುಡ್ಡದ ಬುಡದಲ್ಲೇ ಇರುವ ಹುಡುಗನೂ ಆ ಕೆಲಸವನ್ನು ಮೊಬೈಲಿನಲ್ಲೇ ಹುಡುಕಬೇಕು.

ಪೋಸ್ಟ್ ಕಂಡ ಕೂಡಲೇ ನಮ್ಮ ಹುಡುಗರು ಮಾಡುವ ಕೆಲಸ ಎರಡು. ಒಂದೋ ಆ ಮ್ಯಾನೇಜರ್‌ಗೆ ಖಾಸಗಿ ಮೆಸೇಜ್ ಕಳಿಸುತ್ತಾರೆ: ‘ರೆಸ್ಪೆಕ್ಟೆಡ್ ಸರ್, ನನ್ನ ರೆಸ್ಯೂಮ್ ನೋಡಿ, ಒಂದು ಅವಕಾಶ ಕೊಡಿ.’ ಇಲ್ಲವೇ ಪೋಸ್ಟಿನ ಕೆಳಗೆ ‘ಇಂಟರೆಸ್ಟೆಡ್ ಸರ್’ ಎಂದು ಬರೆದು ಫೋನ್ ನಂಬರ್ ಹಾಕುತ್ತಾರೆ. ಎರಡಕ್ಕೂ ಉತ್ತರ ಬರುವುದು ಅಪರೂಪ. ಉತ್ತರ ಕಾಣದೆ ಸೋತ ಹುಡುಗ ‘ವಶೀಲಿ ಇದ್ದವರಿಗಷ್ಟೇ ಕೆಲಸ’ ಎಂದು ತೀರ್ಮಾನಿಸುತ್ತಾನೆ. ವಶೀಲಿ ನಡೆಯುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಯಾರ ಪರಿಚಯವೂ ಇಲ್ಲದವನಿಗೆ ಅದೇ ಪೋಸ್ಟಿನ ಕೆಳಗೆ ಇನ್ನೊಂದು ದಾರಿ ತೆರೆದಿರುತ್ತದೆ. ಅದನ್ನು ಬಳಸುವವರು ಬಹಳ ಕಡಿಮೆ.

ಮೊದಲು ಮೆಸೇಜ್ ಎಲ್ಲಿಗೆ ಹೋಗುತ್ತದೆ ನೋಡಿ. ಪರಿಚಯವಿಲ್ಲದವರಿಗೆ ನೇರ ಮೆಸೇಜ್ ಕಳಿಸಬೇಕಾದರೆ ಲಿಂಕ್ಡ್‌ಇನ್‌ನಲ್ಲಿ ಸಾಮಾನ್ಯವಾಗಿ ಹಣ ಕಟ್ಟಿದ ಖಾತೆ ಬೇಕು. ಉಚಿತ ಖಾತೆಯವರು ಕನೆಕ್ಷನ್ ಕೋರಿಕೆ ಕಳಿಸಿ ಅದರ ಜೊತೆ ಪುಟ್ಟ ಟಿಪ್ಪಣಿ ಬರೆಯಬಹುದು, ಅದಕ್ಕೂ ತಿಂಗಳಿಗೆ ಮಿತಿಯಿದೆ. ಪೋಸ್ಟ್ ಹಾಕಿದ ದಿನ ಆ ಮ್ಯಾನೇಜರ್‌ಗೆ ಇಂಥ ಕೋರಿಕೆಗಳು ರಾಶಿ ಬೀಳುತ್ತವೆ. ಒಂದೊಂದನ್ನೂ ತೆರೆಯಬೇಕು, ಪ್ರೊಫೈಲ್ ನೋಡಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಬೇಕು. ಆತ ಎಚ್‌ಆರ್ ಅಲ್ಲ, ಹಗಲೆಲ್ಲ ಬೇರೆ ಕೆಲಸ ಇರುವವನು. ಹಾಗಾಗಿ ಕೋರಿಕೆಗಳು ಹಾಗೇ ಉಳಿಯುತ್ತವೆ.

ಪೋಸ್ಟಿನ ಕೆಳಗಿನ ಕಮೆಂಟನ್ನು ಮಾತ್ರ ಆತ ಓದೇ ಓದುತ್ತಾನೆ. ಅದು ಅವನ ಸ್ವಂತ ಪೋಸ್ಟು, ಕೆಳಗೆ ಯಾರು ಏನು ಬರೆದರು ಎಂಬ ಕುತೂಹಲ ಯಾರಿಗಾದರೂ ಇರುತ್ತದೆ. ಅವನ ತಂಡದವರೂ ಮೇಲಿನ ಅಧಿಕಾರಿಯೂ ಅದನ್ನು ನೋಡುತ್ತಾರೆ. ಅಲ್ಲಿ ಬಂದ ಒಳ್ಳೆಯ ಪ್ರಶ್ನೆಗೆ ಒಮ್ಮೆ ಉತ್ತರ ಬರೆದರೆ ಅದನ್ನೇ ಕೇಳಬೇಕೆಂದಿದ್ದ ಇಪ್ಪತ್ತು ಜನರಿಗೂ ಉತ್ತರ ಸಿಕ್ಕಂತಾಗುತ್ತದೆ. ಉತ್ತರಿಸುವುದರಿಂದ ಅವನಿಗೂ ಲಾಭವಿದೆ. ಕಮೆಂಟಿನ ಬಲ ಇರುವುದು ಇಲ್ಲೇ: ಬರೆದವನಿಗೆ ಕೆಲಸ ಸಿಗದಿದ್ದರೂ ಆ ಸಾಲು ಓದಿದ ಯಾರಿಗಾದರೂ ಉಪಯೋಗಕ್ಕೆ ಬರಬೇಕು. ‘ಇಂಟರೆಸ್ಟೆಡ್’ ಎಂಬ ಮಾತಿನಿಂದ ಬರೆದವನಿಗೂ ಉಪಯೋಗವಿಲ್ಲ, ಓದಿದವನಿಗೂ ಇಲ್ಲ.

ಒಂದು ಉದಾಹರಣೆಯನ್ನು ಕಟ್ಟಿ ನೋಡೋಣ. ಪೋಸ್ಟಿನಲ್ಲಿ ಇಷ್ಟಿದೆ ಎಂದಿಟ್ಟುಕೊಳ್ಳಿ: ಸವದತ್ತಿ ಸೈಟಿಗೆ ನಿರ್ವಹಣೆ ಎಂಜಿನಿಯರ್ ಬೇಕು, ಎಲೆಕ್ಟ್ರಿಕಲ್ ಡಿಪ್ಲೊಮಾ, ಎರಡರಿಂದ ನಾಲ್ಕು ವರ್ಷದ ಅನುಭವ, 33 ಕೆ.ವಿ. ಲೈನ್ ಗೊತ್ತಿರಬೇಕು, ಟವರ್ ಹತ್ತಬೇಕು, ಬೇಗ ಸೇರಬೇಕು. ನಮ್ಮ ಹುಡುಗ ಡಿಪ್ಲೊಮಾ ಮುಗಿಸಿ ಎರಡು ವರ್ಷ ವಿದ್ಯುತ್ ಗುತ್ತಿಗೆದಾರರೊಬ್ಬರ ಹತ್ತಿರ 33 ಕೆ.ವಿ. ಲೈನ್ ಕೆಲಸ ಮಾಡಿದ್ದಾನೆ. ಗಾಳಿಯಂತ್ರದ ಒಳಗೆ ಹೋದವನಲ್ಲ.

ಬರೆಯುವ ಮೊದಲು ಅವನು ಪೋಸ್ಟನ್ನು ಮ್ಯಾನೇಜರನ ಜಾಗದಲ್ಲಿ ನಿಂತು ಓದಬೇಕು. ‘ಬೇಗ ಸೇರಬೇಕು’ ಎಂದು ಯಾಕೆ ಬರೆದ? ನಮ್ಮ ಕಡೆ ಗಾಳಿ ಜೋರಾಗುವುದು ಮುಂಗಾರಿನಲ್ಲಿ, ವರ್ಷದ ಉತ್ಪಾದನೆಯಲ್ಲಿ ದೊಡ್ಡ ಪಾಲು ಬರುವುದೂ ಆಗಲೇ. ಆ ತಿಂಗಳುಗಳಲ್ಲಿ ಯಂತ್ರ ನಿಂತರೆ ನಷ್ಟ. ಅದಕ್ಕೇ ರಿಪೇರಿ, ತಪಾಸಣೆಗಳನ್ನೆಲ್ಲ ಗಾಳಿ ಕಡಿಮೆ ಇರುವ ದಿನಗಳಲ್ಲಿ ಮುಗಿಸಿಕೊಳ್ಳುತ್ತಾರೆ. ಯಂತ್ರ ಸರಿಯಿದ್ದೂ ಲೈನ್ ಟ್ರಿಪ್ ಆದರೆ ಆ ಫೀಡರ್‌ನ ಫ್ಯಾನುಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ರಾತ್ರಿ ಮಳೆಯಲ್ಲಿ ಎರೆಮಣ್ಣಿನ ದಾರಿಯಲ್ಲಿ ಜೀಪು ಹೂತುಕೊಂಡಾಗಲೂ ಗುಡ್ಡ ಹತ್ತಿ ಹೋಗುವವರು ಬೇಕು. ದೂರದಿಂದ ಬಂದವರು ಒಂದು ಮಳೆಗಾಲ ಕಳೆಯುವುದರೊಳಗೆ ಬಿಟ್ಟುಹೋದರೆ ಎಂಬ ಚಿಂತೆ ಬೇರೆ. ಇಷ್ಟನ್ನು ಊಹಿಸಿಕೊಂಡರೆ ತಾನು ಏನು ಹೇಳಬೇಕೆಂಬುದು ಹುಡುಗನಿಗೆ ತಾನಾಗಿಯೇ ಹೊಳೆಯುತ್ತದೆ.

ಆಗ ಅವನು ಹೀಗೆ ಬರೆಯಬಹುದು. ಪೋಸ್ಟ್ ಇಂಗ್ಲಿಷಿನಲ್ಲಿದ್ದರೆ ಕಮೆಂಟೂ ಸರಳ ಇಂಗ್ಲಿಷಿನಲ್ಲೇ ಇರಲಿ, ಅರ್ಥ ಇಷ್ಟು:

‘33 ಕೆ.ವಿ. ಲೈನ್ ನಿರ್ವಹಣೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಬೇಸಿಗೆಯಲ್ಲಿ ಇನ್ಸುಲೇಟರ್ ಮೇಲೆ ಕೂತ ಧೂಳನ್ನು ಮಳೆಗೆ ಮುಂಚೆ ಒರೆಸಿ, ಜಂಪರ್‌ಗಳನ್ನು ಬಿಗಿಮಾಡಿದ ಕಡೆ ಮೊದಲ ಮಳೆಗೆ ಟ್ರಿಪ್ ಕಡಿಮೆಯಾಗಿದ್ದನ್ನು ಕಂಡಿದ್ದೇನೆ. ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಸೇರುವ ಮೊದಲೇ ಬೇಕೋ, ಸೇರಿದ ಮೇಲೆ ಕಂಪನಿಯೇ ಕೊಡಿಸುವುದೋ? ನಾನು ಸವದತ್ತಿಯವನು, ಅರ್ಜಿ ಹಾಕಿದ್ದೇನೆ.’

ಧೂಳು ಕೂತ ಇನ್ಸುಲೇಟರ್ ಮೊದಲ ಮಳೆಗೆ ಒದ್ದೆಯಾದಾಗ ಅದರ ಮೈಮೇಲೆ ವಿದ್ಯುತ್ ಸೋರಿ ಲೈನ್ ಟ್ರಿಪ್ ಆಗುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಪುಸ್ತಕ ಓದಿದವನ ಮಾತಿಗೂ ಕಂಬ ಹತ್ತಿದವನ ಮಾತಿಗೂ ಇರುವ ವ್ಯತ್ಯಾಸವನ್ನು ಮ್ಯಾನೇಜರ್ ಆ ಒಂದೇ ವಾಕ್ಯದಲ್ಲಿ ಗುರುತಿಸುತ್ತಾನೆ. ಕೇಳಿದ ಪ್ರಶ್ನೆಯೂ ಸುಮ್ಮನೆ ಕೇಳಿದ್ದಲ್ಲ. ಗಾಳಿಯಂತ್ರದ ಕೆಲಸಕ್ಕೆ ಜಿಡಬ್ಲ್ಯುಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರೂಪಿಸಿದ ಸುರಕ್ಷತಾ ತರಬೇತಿಯನ್ನು ಅನೇಕ ಕಂಪನಿಗಳು ಕೇಳುತ್ತವೆ. ಅದಕ್ಕೆ ದುಡ್ಡು ಬೇಕು, ದಿನ ಬೇಕು. ಅರ್ಜಿ ಹಾಕುವ ಪ್ರತಿಯೊಬ್ಬನಿಗೂ ಆ ಉತ್ತರ ಬೇಕಾಗಿರುತ್ತದೆ. ಯಂತ್ರದ ಅನುಭವವಿಲ್ಲ ಎಂಬ ಕೊರತೆಯನ್ನೂ ಅವನು ಮುಚ್ಚಿಟ್ಟಿಲ್ಲ, ತನಗೆ ಗೊತ್ತಿರುವುದು ಲೈನ್ ಎಂದು ಮೊದಲ ಸಾಲಿನಲ್ಲೇ ಹೇಳಿದ್ದಾನೆ. ಊರಿನ ಹೆಸರು ಕೊನೆಗೆ ಬಂದಿದೆ, ಆದರೂ ಬಿಟ್ಟುಹೋಗುವವರ ಚಿಂತೆಗೆ ಅಲ್ಲೇ ಉತ್ತರವಿದೆ.

‘ಅರ್ಜಿ ಹಾಕಿದ್ದೇನೆ’ ಎಂಬ ಮಾತು ನಿಜವಾಗಿರಬೇಕು. ಕಮೆಂಟ್ ಅರ್ಜಿಯ ಜಾಗ ತುಂಬುವುದಿಲ್ಲ. ಪೋಸ್ಟಿನಲ್ಲಿ ಕೊಟ್ಟ ಲಿಂಕ್ ಇಲ್ಲವೇ ಇ-ಮೇಲ್‌ಗೆ ಮೊದಲು ರೆಸ್ಯೂಮ್ ಕಳಿಸಿ, ಆಮೇಲೆ ಬರೆಯಬೇಕು. ಮ್ಯಾನೇಜರ್ ಮೆಚ್ಚಿ ಎಚ್‌ಆರ್‌ಗೆ ಹೆಸರು ಹೇಳಿದಾಗ ಅಲ್ಲಿ ಅರ್ಜಿಯೇ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಕಮೆಂಟಿನ ಮೇಲೆ ಬರೆದವನ ಹೆಸರಿನ ಜೊತೆ ಪ್ರೊಫೈಲಿನ ಶೀರ್ಷಿಕೆಯ ಸಾಲೂ ಕಾಣುತ್ತದೆ. ಅಲ್ಲಿ ‘ಕೆಲಸ ಹುಡುಕುತ್ತಿರುವೆ’ ಎಂದು ಬರೆದರೆ ಆ ಜಾಗ ವ್ಯರ್ಥ. ‘ಎಲೆಕ್ಟ್ರಿಕಲ್ ಡಿಪ್ಲೊಮಾ, 33 ಕೆ.ವಿ. ಲೈನ್ ನಿರ್ವಹಣೆ, ಸವದತ್ತಿ’ ಎಂದಿದ್ದರೆ ಕಮೆಂಟ್ ಓದುವ ಮೊದಲೇ ಅರ್ಧ ವಿಷಯ ತಿಳಿಯುತ್ತದೆ. ಪೋಸ್ಟ್ ಬಂದ ಮೊದಲ ದಿನವೇ ಬರೆಯುವುದು ಒಳ್ಳೆಯದು. ವಾರ ಕಳೆದ ಪೋಸ್ಟಿನ ಕೆಳಗೆ ಮ್ಯಾನೇಜರ್ ತಾನೇ ಬರುವುದು ಕಡಿಮೆ.

ಉತ್ತರ ಬಂದರೆ, ಕಡೇಪಕ್ಷ ಒಂದು ಲೈಕ್ ಬಿದ್ದರೆ, ಆಗ ಕನೆಕ್ಷನ್ ಕೋರಿಕೆ ಕಳಿಸಬಹುದು: ‘ಸರ್, ತರಬೇತಿಯ ಬಗ್ಗೆ ಕೇಳಿದ್ದೆ, ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ’ ಎಂದರೆ ಸಾಕು. ಅದೇ ಮೆಸೇಜು, ಅದೇ ಮನುಷ್ಯ, ಆದರೆ ಈಗ ಇಬ್ಬರ ನಡುವೆ ಒಂದು ಮಾತು ಆಗಿಹೋಗಿದೆ. ಉತ್ತರ ಬರದಿದ್ದರೆ ಅದರ ಕೆಳಗೆ ಮತ್ತೆ ‘ಸರ್, ಪ್ಲೀಸ್ ರಿಪ್ಲೈ’ ಎಂದು ಬರೆಯಬಾರದು. ಬಿಟ್ಟು ಮುಂದಿನ ಪೋಸ್ಟಿಗೆ ಹೋಗಬೇಕು.

ಎಡವುವ ಜಾಗಗಳೂ ಇವೆ. ಹಳೆಯ ಕಂಪನಿಯ ಲೈನ್ ಎಷ್ಟು ಸಲ ಟ್ರಿಪ್ ಆಯಿತು, ಯಾವ ಯಂತ್ರ ಕೆಟ್ಟಿತು ಎಂದು ಹೆಸರು ಹಿಡಿದು ಬರೆದರೆ ಓದಿದವನು ‘ನಾಳೆ ನಮ್ಮ ಗುಟ್ಟನ್ನೂ ಹೀಗೇ ಹೇಳಿಯಾನು’ ಎಂದುಕೊಳ್ಳುತ್ತಾನೆ. ಈಗಾಗಲೇ ಒಂದು ಕಡೆ ಕೆಲಸದಲ್ಲಿರುವವರು ಇನ್ನೂ ಯೋಚಿಸಬೇಕು, ಯಾಕೆಂದರೆ ಕಮೆಂಟ್ ಬಹಿರಂಗ, ಈಗಿನ ಮಾಲೀಕರ ಕಣ್ಣಿಗೂ ಬೀಳಬಹುದು. ಅಂಥವರು ‘ಅರ್ಜಿ ಹಾಕಿದ್ದೇನೆ’ ಎಂಬ ಮಾತು ಬಿಟ್ಟು ವಿಷಯವನ್ನಷ್ಟೇ ಬರೆಯಲಿ. ಫೋನ್ ನಂಬರನ್ನಂತೂ ಯಾರೂ ಹಾಕಬಾರದು. ಕೆಲಸದ ಹೆಸರಿನಲ್ಲಿ ಮೋಸ ಮಾಡುವವರು ಇಂಥ ಪೋಸ್ಟುಗಳ ಕೆಳಗಿನಿಂದಲೇ ನಂಬರ್ ಆರಿಸಿಕೊಂಡು ‘ನೀವು ಸೆಲೆಕ್ಟ್ ಆಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ’ ಎಂದು ಫೋನ್ ಮಾಡುತ್ತಾರೆ. ಕೆಲಸ ಕೊಡಲು ದುಡ್ಡು ಕೇಳಿದರೆ ಅದು ಕೆಲಸವೇ ಅಲ್ಲ.

ಈ ದಾರಿ ಎಲ್ಲ ಕೆಲಸಕ್ಕೂ ನಡೆಯುವುದಿಲ್ಲ. ಹೆಸ್ಕಾಂನಂಥ ಸರ್ಕಾರಿ ನೇಮಕಾತಿಯಲ್ಲಿ ಅಧಿಸೂಚನೆ, ಅರ್ಜಿ, ಅರ್ಹತಾ ಪಟ್ಟಿ ಇಷ್ಟೇ ಲೆಕ್ಕ, ಅಲ್ಲಿ ಯಾರ ಕಮೆಂಟಿಗೂ ಬೆಲೆಯಿಲ್ಲ. ಕನ್ಸಲ್ಟನ್ಸಿಯವರು ಹಾಕಿದ ಪೋಸ್ಟಿನ ಕೆಳಗೆ ಇನ್ಸುಲೇಟರ್ ಧೂಳಿನ ಮಾತು ಬರೆದರೆ ಅದನ್ನು ತೂಗಿ ನೋಡುವವರು ಅಲ್ಲಿ ಇರಲಾರರು. ಯಾರ ಕೈಕೆಳಗೆ ಕೆಲಸ ಮಾಡಬೇಕೋ ಆ ಮನುಷ್ಯನೇ ಹಾಕಿದ ಪೋಸ್ಟಾಗಿರಬೇಕು.

ಇಂಥ ಪೋಸ್ಟ್ ಹಾಕುವ ಮ್ಯಾನೇಜರುಗಳಲ್ಲೂ ಒಂದು ವಿನಂತಿಯಿದೆ. ‘ಉತ್ತರ ಕರ್ನಾಟಕ ಸೈಟ್’ ಎಂದು ಬರೆಯುವ ಬದಲು ಸವದತ್ತಿಯೋ ರಾಮದುರ್ಗವೋ ಊರಿನ ಹೆಸರು ಬರೆಯಿರಿ. ಕೆಳಗೆ ಬಂದ ಒಂದೆರಡು ಒಳ್ಳೆಯ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಕೊಡಿ. ಹುದ್ದೆ ತುಂಬಿದ ದಿನ ‘ಭರ್ತಿಯಾಗಿದೆ’ ಎಂಬ ಒಂದು ಸಾಲು ಹಾಕಿ, ಕಾಯುತ್ತ ಕೂತವರು ಬೇರೆ ಕಡೆ ನೋಡಿಕೊಳ್ಳುತ್ತಾರೆ.