ಸಿಕ್ಕಿಬೀಳದಿದ್ದರೆ ಸಾಕಾ?

ಹೋದ ಡಿಸೆಂಬರಿನ ಒಂದು ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ. ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ನೀರಿನ ನಿರ್ವಹಣೆ ಬಗ್ಗೆ ಓದೋದಕ್ಕೆ ಹೊರದೇಶದ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕ್ತಿದ್ದ. "ಅಣ್ಣ, ಎಸ್‌ಒಪಿ ಕಳಿಸಿದೀನಿ, ಒಂದ್ಸಲ ನೋಡು. ಚಾಟ್‌ಬಾಟ್ ಹತ್ರ ಬರೆಸಿಲ್ಲ, ಬರೀ ಫೀಡ್‌ಬ್ಯಾಕ್ ತಗೊಂಡಿದ್ದು. ಡಿಟೆಕ್ಟರ್‌ಗೂ ಹಾಕಿದೆ, ಕ್ಲೀನ್ ಬಂತು" ಅಂದ.

ಅವನು ಮೂರು ಪ್ರತಿ ಕಳಿಸಿದ್ದ. ಮೊದಲನೆಯದರಲ್ಲಿ, ನಮ್ಮೂರ ಕೆರೆ ಒಣಗಿದ್ದು ನೋಡಿ ಬೇಜಾರಾಯ್ತು, ಅದಕ್ಕೇ ಈ ವಿಷಯ ಓದಬೇಕು ಅಂತ ಎರಡು ಸಾಲು ಇತ್ತು. ಎರಡನೆಯದನ್ನು ಚಾಟ್‌ಬಾಟ್‌ನಿಂದ ಪೂರ್ತಿ ತಿದ್ದಿ ಬರೆಸಿ, ಆಮೇಲೆ ಹೆದರಿ ಬಿಟ್ಟಿದ್ದ. ಅದರಲ್ಲಿ ಕೆರೆ ಅವನೊಳಗೆ ಜೀವಮಾನದ ಹಂಬಲವೊಂದನ್ನು ಹೊತ್ತಿಸಿತ್ತು! ಡಿಟೆಕ್ಟರ್ ಹಿಡಿದಿದ್ದು ಇದನ್ನೇ. ಮೂರನೆಯದು, ಫೀಡ್‌ಬ್ಯಾಕ್ ಮಾತ್ರ ತಗೊಂಡು ತಾನೇ ಬರೆದದ್ದು.

ಎರಡನೆಯದು ಸಿಕ್ಕಿಬಿದ್ದು ಮೂರನೆಯದು ಪಾಸಾಗಿದ್ದು ಯಾಕೆ? ಡಿಟೆಕ್ಟರ್‌ಗೆ ನಮ್ಮ ಮನಸ್ಸು ಕಾಣಿಸಲ್ಲ. ಒಂದು ಪದದ ನಂತರ ಬಂದ ಪದ ಎಷ್ಟು ಊಹಿಸಬಹುದಾದದ್ದು, ವಾಕ್ಯಗಳ ಅಳತೆ ಎಷ್ಟು ಏರುಪೇರಾಗಿದೆ, ಇಂಥದ್ದನ್ನು ಅದು ನೋಡುತ್ತೆ. ಮಷೀನು ಬರೆಯುವಾಗ ಹೆಚ್ಚು ಸಂಭವವಿರುವ ಪದಗಳ ಕಡೆಗೇ ವಾಲುತ್ತದೆ, ಹಾಗಾಗಿ ಅದರ ಗದ್ಯ ನುಣುಪಾಗಿರುತ್ತದೆ. ಬರೀ ಫೀಡ್‌ಬ್ಯಾಕ್ ತಗೊಂಡರೆ ಅದರ ಒಂದು ಪದವೂ ನಮ್ಮ ಪುಟಕ್ಕೆ ಬರುವುದಿಲ್ಲ. ಗುಟ್ಟಾದ ವಾಟರ್‌ಮಾರ್ಕ್ ಇದ್ದರೂ ಅದು ಇರೋದು ಮಷೀನು ಆರಿಸಿದ ಪದಗಳಲ್ಲೇ ಹೊರತು, ಅದರ ಸಲಹೆ ಓದಿ ನಾವು ಆರಿಸಿದ ಪದಗಳಲ್ಲಿ ಅಲ್ಲ. ಆದರೆ "ಉದಾಹರಣೆಗೆ ಹೀಗೆ ಬರೆಯಬಹುದು" ಅಂತ ಕೊಟ್ಟ ಸಾಲನ್ನು ಕಾಪಿ ಮಾಡಿದರೆ, ಅಲ್ಲಿಂದ ಅದು ಫೀಡ್‌ಬ್ಯಾಕ್ ಆಗಿ ಉಳಿಯಲ್ಲ.

ಹಾಗಂತ ಡಿಟೆಕ್ಟರ್ ಮಾತೇ ತೀರ್ಪಲ್ಲ. ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದನ್ನು ಬಿಟ್ಟು, ನಿಖರತೆ ಸಾಲದು ಅಂತ ಅದೇ ಜುಲೈನಲ್ಲಿ ವಾಪಸ್ ತಗೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಹಾಕಿದಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಮಷೀನಿನವು ಅಂತ ತಪ್ಪಾಗಿ ಗುರುತಿಸಿದವು. ಕಲಿತ ಭಾಷೆಯಲ್ಲಿ ನಾವು ಬಳಸೋದು ಸುರಕ್ಷಿತವಾದ, ಊಹಿಸಬಹುದಾದ ಪದಗಳನ್ನೇ ತಾನೆ? ಅದಕ್ಕೇ ತಮ್ಮನಿಗೆ ಹಳೆಯ ಪ್ರತಿಗಳನ್ನು ತಾರೀಖಿನ ಸಮೇತ ಇಟ್ಟುಕೋ ಅಂದೆ. ನಾಳೆ ಯಾರಾದರೂ ಅನುಮಾನಪಟ್ಟರೆ ತೋರಿಸೋಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಆಮೇಲೆ ಮೂರನೇ ಪ್ರತಿ ಓದಿದೆ. ಕೆರೆ ಯಾಕೆ ಒಣಗಿತು ಅನ್ನೋದೇ ಇಲ್ಲವಲ್ಲ ಅಂತ ಫೀಡ್‌ಬ್ಯಾಕ್ ಬಂದಿತ್ತಂತೆ. ಇವನು ಕೂತು ನೆನಪು ಮಾಡಿಕೊಂಡು ಬರೆದಿದ್ದ: ಕೆರೆಗೆ ನೀರು ತರುವ ಕಾಲುವೆಯ ಮೇಲೆ ಸೈಟುಗಳಾಗಿದ್ದು, ತೂಬಿನ ಹತ್ತಿರ ಮೊಣಕಾಲುದ್ದ ಹೂಳು ತುಂಬಿದ್ದು. ಓದಿ ಖುಷಿಯಾಯ್ತು. ಕೇಳಿಸಿಕೊಂಡಿದ್ದು ಒಂದು ಪ್ರಶ್ನೆ, ಉತ್ತರ ಅವನದೇ.

ಕೆಳಗೆ ಇನ್ನೊಂದು ಸಾಲಿತ್ತು. ಐದು ಜನ ಗೆಳೆಯರ ತಂಡ ಕಟ್ಟಿ ಆ ಕೆರೆಯ ಸರ್ವೆಗೆ ತಾನು ನಾಯಕತ್ವ ವಹಿಸಿದೆ ಅಂತ. "ಯಾವಾಗ್ಲೋ ಇದು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್ವೆ ಕಾಲೇಜಿನ ಮೇಷ್ಟ್ರು ಮಾಡಿಸಿದ್ದಣ್ಣ. ನಾನು ಟೇಪ್ ಹಿಡ್ಕೊಂಡಿದ್ದೆ. ನಾಯಕತ್ವದ್ದೊಂದು ಪ್ರಸಂಗ ಇದ್ರೆ ಚೆನ್ನಾಗಿರುತ್ತೆ ಅಂತ ಸಲಹೆ ಬಂತು. ಪದ ಎಲ್ಲಾ ನಂದೇ" ಅಂದ.

ಪದ ಎಲ್ಲಾ ಅವನದೇ, ನಿಜ. ಆ ಪತ್ರದಲ್ಲಿದ್ದ ಒಂದೇ ಸುಳ್ಳೂ ಅದೇ, ಡಿಟೆಕ್ಟರ್ ಕ್ಲೀನ್ ಅಂದಿದ್ದೂ ಅದಕ್ಕೇ. ತನ್ನ ನಿಜವಾದ ಅನುಭವದ ಇಂಗ್ಲಿಷನ್ನು ಮಷೀನಿಂದ ತಿದ್ದಿಸಿಕೊಂಡವನು ಸಿಕ್ಕಿಬೀಳಬಹುದು, ಮಷೀನಿನ ಸೂಚನೆಗೆ ಸುಳ್ಳು ಹೆಣೆದು ಸ್ವಂತ ಪದದಲ್ಲಿ ಬರೆದವನು ಪಾರಾಗಬಹುದು. ಡಿಟೆಕ್ಟರ್ ಪರೀಕ್ಷಿಸೋದು ಪದ ಯಾರದು ಅಂತ. ಹೇಳಿದ್ದು ನಿಜಾನಾ ಅಂತ ಕೇಳಬೇಕಾದವರು ನಾವೇ.

ಬೈಯೋಕೆ ಬಾಯಿ ಬರಲಿಲ್ಲ. ಹೋದ ವರ್ಷದ ಅಪ್ರೈಸಲ್‌ಗೆ ನಾನೂ ಫೀಡ್‌ಬ್ಯಾಕ್ ತಗೊಂಡಿದ್ದೆ. "ಸಹಾಯ ಮಾಡಿದೆ" ಅನ್ನೋದು ಪೇಲವವಾಗಿದೆ ಅಂತ ಬಂದಾಗ, ಯೋಚಿಸದೇ "ಮುನ್ನಡೆಸಿದೆ" ಅಂತ ತಿದ್ದಿದ್ದೆ. ಮುನ್ನಡೆಸಿದ ಹುಡುಗಿ ಪಕ್ಕದ ಸೀಟಿನಲ್ಲೇ ಕೂತಿದ್ದಳು.

ಈಗ ಫೀಡ್‌ಬ್ಯಾಕ್ ನಂತರ ಬದಲಾದ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ತೀನಿ: ಎದುರಿಗೆ ಕೂರಿಸಿಕೊಂಡು ಇದರ ಬಗ್ಗೆ ಹತ್ತು ನಿಮಿಷ ಕೇಳಿದರೆ ಉತ್ತರ ಇದೆಯಾ? ಹೂಳಿನ ಬಗ್ಗೆ ತಮ್ಮ ಅರ್ಧ ಗಂಟೆ ಮಾತಾಡ್ತಾನೆ. ನಾಯಕತ್ವದ ಸಾಲನ್ನು ಅವನೇ ತೆಗೆದ. ಅಲ್ಲಿ ಈಗ ಟೇಪ್ ಹಿಡಿದ ವಿಷಯ ಇದೆ, ಅಳತೆ ಎರಡು ಸಲ ತಪ್ಪಿದ್ದೂ ಇದೆ.