ಸಹಿಯ ಮೇಲಿನ ಸಾಲು

ಅಧ್ಯಾಪಕರು ಪ್ರಾಂಶುಪಾಲರಿಗೆ ಬರೆಯುವ ಪತ್ರಗಳು ಸಾಮಾನ್ಯವಾಗಿ ಒಂದೇ ಜಾತಿಯವು. ರಜೆ ಬೇಕು, ಲ್ಯಾಬಿನ ಬೀಗ ಕೆಟ್ಟಿದೆ, ಎರಡು ಫ್ಯಾನು ಹಾಕಿಸಿಕೊಡಿ. ನನ್ನ ತಂಗಿಯ ಮಗಳು ಈಚೆಗೆ ಬರೆದ ಪತ್ರ ಆ ಜಾತಿಗೆ ಸೇರಿದ್ದಲ್ಲ. ಅವಳು ಕಾಲೇಜೊಂದರಲ್ಲಿ ಬಿ.ಸಿ.ಎ. ತರಗತಿಗಳಿಗೆ ಪಾಠ ಹೇಳುತ್ತಾಳೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಲ್ಯಾಬಿನಲ್ಲಿ ಚಾಟ್‌ಬಾಟ್ ಬಳಸಲು ಅನುಮತಿ ಕೊಡಬೇಕೆಂದು ಅವಳ ಕೋರಿಕೆ. ಆಡಳಿತ ಮಂಡಳಿಯ ಹಿರಿಯರೂ ಓದುವ ಪತ್ರವಾದ್ದರಿಂದ ಕನ್ನಡದಲ್ಲಿ ಬರೆದು, "ಒಂದು ಸಲ ತಪ್ಪು ಒಪ್ಪು ನೋಡಿಕೊಡಿ ದೊಡ್ಡಮ್ಮ" ಎಂದು ನನಗೆ ಕಳಿಸಿದಳು. ಭಾಷೆಯಲ್ಲಿ ತಿದ್ದುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೆ ಆ ಎರಡು ಪುಟ ನನ್ನನ್ನು ಮೂರು ದಿನ ಬಿಡಲಿಲ್ಲ.

ಚಾಟ್‌ಬಾಟ್ ಎಂದರೆ ನಾವು ಆಡುಮಾತಿನಲ್ಲಿ ಕೇಳಿದ್ದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡುವ ಯಂತ್ರ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇದು ಮನೆಮಾತಾಯಿತು. ಪತ್ರ ಬರೆ ಎಂದರೆ ಬರೆಯುತ್ತದೆ, ಕಂಪ್ಯೂಟರ್ ಪ್ರೋಗ್ರಾಂ ಬರೆ ಎಂದರೆ ಅದನ್ನೂ ಬರೆಯುತ್ತದೆ. ಅಪಾರವಾದ ಬರಹಗಳಿಂದ ಕಲಿತು, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಅಂದಾಜಿನ ಮೇಲೆ ಅದು ಉತ್ತರ ಹೆಣೆಯುತ್ತದೆ. ಹಾಗಾಗಿ ಸರಿಯನ್ನೂ ತಪ್ಪನ್ನೂ ಒಂದೇ ಧೈರ್ಯದ ದನಿಯಲ್ಲಿ ಹೇಳುತ್ತದೆ. ಇಲ್ಲದ ಪುಸ್ತಕಕ್ಕೆ ಇಲ್ಲದ ಲೇಖಕರನ್ನು ಹುಟ್ಟಿಸಿ ಗ್ರಂಥಋಣದ ಪಟ್ಟಿಗೆ ಸೇರಿಸಿಬಿಡುವುದೂ ಉಂಟು.

ಇಂಥದ್ದನ್ನು ಲ್ಯಾಬಿನೊಳಗೆ ಬಿಟ್ಟುಕೊಳ್ಳುವುದೇಕೆ? ಪತ್ರದ ಮೊದಲ ವಾದ, ಅದು ಆಗಲೇ ಒಳಗೆ ಬಂದಿದೆ ಎನ್ನುವುದು. ಲ್ಯಾಬಿನ ಕಂಪ್ಯೂಟರಿನಲ್ಲಿ ತಡೆದರೆ ಜೇಬಿನ ಮೊಬೈಲಿನಲ್ಲಿ ಇದೆ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಚಾಟ್‌ಜಿಪಿಟಿಗೆ ತಡೆ ಹಾಕಿ ಮೇ ತಿಂಗಳಲ್ಲಿ ತಾವೇ ತೆಗೆದವು. ಕದ್ದು ಬಳಸಿದವರನ್ನು ಹಿಡಿಯೋಣವೆಂದರೆ ಅದಕ್ಕೂ ನಂಬುವಂಥ ಸಾಧನವಿಲ್ಲ. ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ಯಂತ್ರದ ಬರಹವನ್ನು ಪತ್ತೆ ಮಾಡುವ ಸಾಧನವೊಂದನ್ನು ಹೊರತಂದು, ಅದು ಸರಿಯಾಗಿ ಹೇಳುವುದಿಲ್ಲವೆಂದು 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಬರೀ ಅನುಮಾನದ ಮೇಲೆ ಶಿಕ್ಷಿಸಹೊರಟರೆ, ಕಷ್ಟಪಟ್ಟು ಅಚ್ಚುಕಟ್ಟಾಗಿ ಬರೆದ ಬಡಪಾಯಿ ಹುಡುಗಿಯೇ ಸಿಕ್ಕಿಬೀಳುತ್ತಾಳೆ.

ಎಲ್ಲರೂ ಮಾಡುತ್ತಾರೆ ಎಂಬ ಕಾರಣಕ್ಕೇ ಒಂದು ಕೆಲಸ ಒಪ್ಪಿತವಾಗುವುದಿಲ್ಲ. ಇದನ್ನೇ ಅವಳಿಗೆ ಹೇಳಿದೆ. ಅದಕ್ಕೆ ಅವಳು ಕೊಟ್ಟ ಉದಾಹರಣೆ ನನಗೆ ಇಷ್ಟವಾಯಿತು. ಅದನ್ನು ಪತ್ರದಲ್ಲಿ ಸೇರಿಸು ಎಂದೂ ಹೇಳಿದೆ.

ಮೂವರು ವಿದ್ಯಾರ್ಥಿಗಳ ಒಂದು ತಂಡ ಕಾಲೇಜು ಗ್ರಂಥಾಲಯದ ಲೆಕ್ಕ ಇಡುವ ಪ್ರೋಗ್ರಾಂ ಮಾಡುತ್ತಿತ್ತು. ಪುಸ್ತಕ ತಡವಾಗಿ ಹಿಂದಿರುಗಿಸಿದರೆ ದಿನಕ್ಕೆ ಎರಡು ರೂಪಾಯಿ ದಂಡ. ಆ ಭಾಗವನ್ನು ಚಾಟ್‌ಬಾಟ್ ಬರೆದುಕೊಟ್ಟಿತ್ತು: ತಂದ ದಿನಾಂಕದಿಂದ ಕೊನೆಯ ದಿನಾಂಕ ಕಳೆದು ಎರಡರಿಂದ ಗುಣಿಸು, ಅಷ್ಟೆ. 10ನೇ ತಾರೀಖಿಗೆ ಕೊಡಬೇಕಾದ್ದನ್ನು 15ಕ್ಕೆ ತಂದರೆ ಹತ್ತು ರೂಪಾಯಿ, ಸರಿಯಾಗಿಯೇ ಬಂತು. ಹುಡುಗರು ಹಿಗ್ಗಿದರು. ಇವಳು ಹೋಗಿ, "ಏಳನೇ ತಾರೀಖಿಗೆ ತಂದುಕೊಟ್ಟವನ ಲೆಕ್ಕ ಹಾಕಿ ನೋಡಿ" ಎಂದಳು. ಋಣ ಆರು ಎಂದು ಬಂತು! ಪುಸ್ತಕ ಬೇಗ ಓದಿ ಮುಗಿಸಿದವನಿಗೆ ಗ್ರಂಥಾಲಯವೇ ಆರು ರೂಪಾಯಿ ಕೊಡಬೇಕು. (ಕೊಟ್ಟರೆ ಒಳ್ಳೆಯದೇ ಎನ್ನಿ.) ಯಂತ್ರದ ಮಟ್ಟಿಗೆ ಅದು ಕೇಳಿದ್ದನ್ನು ಕೊಟ್ಟಿತ್ತು. ಬೇಗ ತರುವವರೂ ಇರುತ್ತಾರೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಆ ಮೂವರಲ್ಲಿ ಒಬ್ಬಳು ಎಲ್ಲಿ ಎಡವಿದೆವೆಂದು ಕೂಡಲೇ ಕಂಡುಕೊಂಡು, ತಡವಾಗಿದ್ದರೆ ಮಾತ್ರ ಗುಣಿಸು ಎಂದು ತಿದ್ದಿದಳು. ಇನ್ನಿಬ್ಬರಿಗೆ ಆ ಸಾಲು ಎಲ್ಲಿದೆ ಎನ್ನುವುದೇ ಗೊತ್ತಿರಲಿಲ್ಲ. ವರದಿಯ ಮೇಲೆ ಹೆಸರು ಮಾತ್ರ ಮೂವರದೂ ಇರುತ್ತದೆ.

"ಕದ್ದುಮುಚ್ಚಿ ಬಳಸಿದರೆ ಈ ಮೂವರ ನಡುವಿನ ವ್ಯತ್ಯಾಸ ನನಗೆ ಗೊತ್ತಾಗುವುದೇ ಇಲ್ಲ ದೊಡ್ಡಮ್ಮ. ನನ್ನ ಕಣ್ಣೆದುರು ಬಳಸಿದರೆ ಗೊತ್ತಾಗುತ್ತದೆ" ಎಂದಳು. ಅದಕ್ಕೇ ಪತ್ರದಲ್ಲಿ ಒಂದು ಷರತ್ತು ಹಾಕಿದ್ದಳು. ಪ್ರತಿಯೊಬ್ಬರೂ ಲ್ಯಾಬ್ ಪುಸ್ತಕದ ಎಡಪುಟದಲ್ಲಿ ತಾವು ಯಂತ್ರವನ್ನು ಕೇಳಿದ್ದನ್ನೂ ಅದು ಕೊಟ್ಟದ್ದನ್ನೂ ಬರೆಯಬೇಕು. ಬಲಪುಟದಲ್ಲಿ ಅದನ್ನು ಹೇಗೆ ಪರೀಕ್ಷಿಸಿದೆ, ಏನು ಬದಲಿಸಿದೆ ಎಂದು ಬರೆಯಬೇಕು. ಬಲಪುಟ ಖಾಲಿಯಿದ್ದರೆ ಆ ವಾರದ ಅಂಕವಿಲ್ಲ. ಜೊತೆಗೆ, ಯಾರ ಹೆಸರನ್ನೂ ಫೋನ್ ನಂಬರನ್ನೂ ಯಂತ್ರಕ್ಕೆ ಕೊಡಕೂಡದು. ಇನ್ನೊಂದು ತಂಡ ಆಸ್ಪತ್ರೆಯ ಚೀಟಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದೆಯಂತೆ, ಅದಕ್ಕಾಗಿ ಈ ಎಚ್ಚರ.

ಇಷ್ಟೆಲ್ಲ ಓದಿ ನಾನು ಒಪ್ಪಿದೆ. ಆಮೇಲೆ ಸುಮ್ಮನೆ ಕುತೂಹಲಕ್ಕೆ ಹಳೆಯ ಪ್ರಾಜೆಕ್ಟ್ ವರದಿಯೊಂದನ್ನು ತರಿಸಿಕೊಂಡು ನೋಡಿದೆ. ದಪ್ಪ ರಟ್ಟು, ಬಂಗಾರದ ಅಕ್ಷರ. ಒಳಗೆ ಮೊದಲಿಗೇ ಎರಡು ಹಾಳೆ. ಒಂದರಲ್ಲಿ, ಇದು ನಾನೇ ಸ್ವತಃ ಮಾಡಿದ ಕೆಲಸವೆಂದು ವಿದ್ಯಾರ್ಥಿಯ ಘೋಷಣೆ. ಇನ್ನೊಂದರಲ್ಲಿ, ಇದು ಈ ವಿದ್ಯಾರ್ಥಿಯ ಪ್ರಾಮಾಣಿಕ ಕೆಲಸವೆಂದು ಮಾರ್ಗದರ್ಶಕರ ಸರ್ಟಿಫಿಕೇಟು. ಇವುಗಳ ಮಾತು ಮೊದಲೇ ಗೊತ್ತುಮಾಡಿದ್ದು. ಅದರಲ್ಲಿ ಒಂದಕ್ಷರ ಬದಲಿಸುವ ಅಧಿಕಾರ ನನ್ನ ತಂಗಿಯ ಮಗಳಿಗೂ ಇಲ್ಲ, ಪ್ರಾಂಶುಪಾಲರಿಗೂ ಇಲ್ಲ.

ನನ್ನ ಪೇಚಾಟ ಶುರುವಾದದ್ದು ಇಲ್ಲಿಂದ. ಪ್ರಾಂಶುಪಾಲರು ಬಳಸಿ ಎಂದು ಒಪ್ಪಿಗೆ ಕೊಟ್ಟರು ಎನ್ನೋಣ. ಹುಡುಗರು ಕಾಲೇಜಿನ ಒಪ್ಪಿಗೆಯಿಂದಲೇ ಬಳಸುತ್ತಾರೆ, ಲ್ಯಾಬ್ ಪುಸ್ತಕದಲ್ಲಿ ಸತ್ಯವನ್ನೇ ಬರೆಯುತ್ತಾರೆ. ಕೊನೆಗೆ ರಟ್ಟು ಕಟ್ಟಿಸುವಾಗ ಮೊದಲ ಹಾಳೆಯಲ್ಲಿ ಎಲ್ಲವೂ ನನ್ನದೇ ಎಂದು ಸಹಿ ಹಾಕುತ್ತಾರೆ. ಅದರ ಪಕ್ಕದಲ್ಲಿ ಇವಳೂ ಹಾಕುತ್ತಾಳೆ. ಕದ್ದು ಬಳಸುವವನ ಸುಳ್ಳು ಅವನೊಬ್ಬನದು. ಈ ಸುಳ್ಳನ್ನು ಇಪ್ಪತ್ತು ವರ್ಷದ ಮಕ್ಕಳ ಕೈಹಿಡಿದು ಬರೆಸುವವರು ನಾವೇ ಆಗುತ್ತೇವೆ. "ಅದು ಬರೀ ಫಾರಂ, ಯಾರೂ ಓದುವುದಿಲ್ಲ" ಎಂದು ತಂಗಿ ನಕ್ಕಳು. ಓದದೆ ಸಹಿ ಹಾಕುವ ಅಭ್ಯಾಸವನ್ನು ಕಾಲೇಜೇ ಕಲಿಸಬೇಕೆ? ನಾಳೆ ಇದೇ ಮಕ್ಕಳು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕುಳಿತು ಪರೀಕ್ಷಿಸಿದ್ದೇನೆ ಎಂಬ ಸಾಲಿನ ಕೆಳಗೆ ಸಹಿ ಹಾಕುವವರು.

ಪತ್ರಕ್ಕೆ ಒಂದು ಪ್ಯಾರಾ ಸೇರಿಸಿದೆವು. ಫಾರಂ ಬದಲಾಗುವವರೆಗೆ, ಆ ಎರಡು ಹಾಳೆಗಳ ಹಿಂದೆಯೇ ಮೂರನೆಯ ಹಾಳೆಯೊಂದು ಇರಲಿ. ಯಾವ ಭಾಗಕ್ಕೆ ಯಂತ್ರದ ನೆರವು ಪಡೆದೆ, ಯಾವುದನ್ನು ಹೇಗೆ ಪರೀಕ್ಷಿಸಿದೆ ಎಂದು ವಿದ್ಯಾರ್ಥಿ ಅದರಲ್ಲಿ ಬರೆದು ಸಹಿ ಮಾಡಲಿ, ಮಾರ್ಗದರ್ಶಕರೂ ಮಾಡಲಿ.

ತೊಡಕು ಅಷ್ಟಕ್ಕೇ ಮುಗಿಯಲಿಲ್ಲ. ದಂಡದ ಲೆಕ್ಕ ತಿದ್ದಿದ ಆ ಹುಡುಗಿಗೆ ಇವಳು ಮೂರನೆಯ ಹಾಳೆಯ ವಿಷಯ ತಿಳಿಸಿದಾಗ ಅವಳು ಕೇಳಿದಳಂತೆ: "ನಾನು ಬರೆಯುತ್ತೇನೆ ಮೇಡಂ. ಪಕ್ಕದ ಕಾಲೇಜಿನವರು ಬರೆಯುವುದಿಲ್ಲ. ವೈವಾಕ್ಕೆ ಹೊರಗಿನಿಂದ ಬರುವ ಪರೀಕ್ಷಕರು ನನಗೇ ಅಂಕ ಕಡಿಮೆ ಕೊಟ್ಟರೆ?" ಇವಳ ಬಳಿ ಉತ್ತರವಿರಲಿಲ್ಲ. ನಿಜ ಹೇಳು ಎಂದು ಮಕ್ಕಳಿಗೆ ಹೇಳುವುದು ಸುಲಭ. ಹಾಗೆ ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಯಾರ ಕೆಲಸ? ಹೇಳು ಎಂದವರದೇ ಎಂದು ನನ್ನ ನಂಬಿಕೆ. ಹಾಗಾಗಿ ಇನ್ನೊಂದು ಸಾಲು ಸೇರಿತು: ಈ ಅನುಮತಿಪತ್ರದ ಪ್ರತಿಯನ್ನು ಹೊರಗಿನ ಪರೀಕ್ಷಕರಿಗೆ ಮೊದಲೇ ಕೊಡಬೇಕು, ಬಳಸಿದ್ದಕ್ಕೆ ಅಂಕ ಕಳೆಯದೆ, ತನ್ನ ಪ್ರೋಗ್ರಾಮಿನ ಯಾವುದೇ ಸಾಲನ್ನು ವಿದ್ಯಾರ್ಥಿ ವಿವರಿಸಬಲ್ಲನೇ ಎಂದು ನೋಡಿ ಅಂಕ ಕೊಡಬೇಕೆಂದು ಅವರನ್ನು ಕೋರಬೇಕು.

ಹದಿನೈದು ದಿನದ ಮೇಲೆ ಪತ್ರ ಹಿಂದಿರುಗಿತು. ಒಂದು ಸೆಮಿಸ್ಟರ್ ಮಟ್ಟಿಗೆ ಅನುಮತಿಸಿದೆ ಎಂದು ಮೇಲುಗಡೆ ಬರೆದಿದ್ದರು. ಮೂರನೆಯ ಹಾಳೆಯ ಪಕ್ಕದಲ್ಲಿ "ಆಗಬಹುದು" ಎಂದಿತ್ತು. ಪರೀಕ್ಷಕರ ವಿಷಯದ ಸಾಲಿಗೆ ಪ್ರಾಂಶುಪಾಲರು ಹಸಿರು ಶಾಯಿಯಲ್ಲಿ ಗೆರೆ ಎಳೆದು, "ಚರ್ಚಿಸಿ" ಎಂದಷ್ಟೇ ಬರೆದಿದ್ದರು. ಸೋಮವಾರ ಅವಳು ಅವರ ಕೋಣೆಗೆ ಹೋಗುವವಳಿದ್ದಾಳೆ. ಆ ಹುಡುಗಿಯ ಲ್ಯಾಬ್ ಪುಸ್ತಕವನ್ನೂ ಜೊತೆಗೆ ಒಯ್ಯು ಎಂದು ಹೇಳಿದ್ದೇನೆ.