ಕಿವಿ ಹಿಂದಿನ ನೋವು

ನಮ್ಮ ಮುನವಳ್ಳಿ ಕಡೆ ಬಾಯಿ ಸೊಟ್ಟಾದರೆ ‘ಲಕ್ವಾ ಹೊಡೀತು’ ಅಂತಾರೆ. ಮಲಪ್ರಭೆ ಕಡೆಯಿಂದ ಬೀಸುವ ತಂಗಾಳಿಗೆ ದೂರು ಹಾಕುವವರೂ ಇದ್ದಾರೆ. ನಾನು ದೂರಿದ್ದು ಕಿವಿಯನ್ನು.

ಎರಡು ದಿನದಿಂದ ಬಲಗಿವಿಯ ಹಿಂದಿನ ಎಲುಬಿನಲ್ಲಿ ಒಂದೇ ಸಮ ನೋವಿತ್ತು. ಅವ್ವ ಬಳ್ಳೊಳ್ಳಿ ಹಾಕಿ ಎಣ್ಣೆ ಕಾಸಿ ಬಿಟ್ಟಳು. ಮೂರನೆಯ ದಿನ ಮುಂಜಾನೆ ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯಿಂದ ಸೋರಿತು. ಬಲಗಣ್ಣು ಪೂರ್ತಿ ಮುಚ್ಚಲಿಲ್ಲ. ಅಡುಗೆಮನೆಯಲ್ಲಿ ಗಂಗಾಳ ಬಿದ್ದ ಸದ್ದು ಆ ಕಿವಿಗೆ ಬಡಿದ ಹಾಗೆ ಕೇಳಿಸಿತು. ಕಿವಿಯ ಸೋಂಕು ಮುಖಕ್ಕೆ ಏರಿತು ಎಂದೇ ನಂಬಿದೆ.

ಡಾಕ್ಟರು ಮೊದಲು ಹುಬ್ಬು ಏರಿಸಲು ಹೇಳಿದರು. ಹಣೆಯ ಬಲಭಾಗದಲ್ಲಿ ಒಂದೂ ಗೆರೆ ಮೂಡಲಿಲ್ಲ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುವುದರಿಂದ, ಮೆದುಳಿನ ಲಕ್ವಾದಲ್ಲಿ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹಣೆಯೂ ಸೋತಿದ್ದರೆ ತೊಂದರೆ ಹೆಚ್ಚಾಗಿ ಮುಖದ ನರದಲ್ಲೇ. ಆಮೇಲೆ ಕಿವಿಯೊಳಗೆ ಬೆಳಕು ಬಿಟ್ಟು ಗುಳ್ಳೆ, ಕೀವು, ತಮಟೆಯ ತೂತು ಹುಡುಕಿದರು. ಏನೂ ಇರಲಿಲ್ಲ. ಅದಾದ ಮೇಲೆಯೇ ಅವರ ಬಾಯಿಂದ ‘ಬೆಲ್ಸ್ ಪಾಲ್ಸಿ’ ಎಂಬ ಹೆಸರು ಬಂತು. ಬೇರೆ ಕಾರಣ ಸಿಗದಿದ್ದಾಗ ಉಳಿಯುವ ಹೆಸರದು.

ಮುಖದ ನರ ಮೆದುಳಿನಿಂದ ಹೊರಟು ಕಿವಿಯ ಎಲುಬಿನೊಳಗಿನ ಸಣ್ಣ ಕೊಳವೆಯಲ್ಲಿ ಹಾದು ಬರುತ್ತದೆ. ತೀರ ಇಕ್ಕಟ್ಟಾದ ಕಡೆ ಆ ಕೊಳವೆ 1 ಮಿಲಿಮೀಟರಿಗಿಂತಲೂ ಕಿರಿದು. ಅಲ್ಲಿ ನರ ಬಾತರೆ ಸರಿಯಲು ಜಾಗವಿಲ್ಲ, ತನ್ನ ಬಾವಿನಿಂದ ತಾನೇ ಹಿಸುಕಿಕೊಳ್ಳುತ್ತದೆ. ದೊಡ್ಡ ಸದ್ದನ್ನು ತಗ್ಗಿಸುವ ಕಿವಿಯ ಪುಟ್ಟ ಸ್ನಾಯುವಿಗೂ ಇದೇ ನರದ ಕವಲು. ಗಂಗಾಳದ ಸದ್ದು ಬಡಿದದ್ದು ಅದಕ್ಕೇ. ಅಂದರೆ ಕಿವಿನೋವು ನನ್ನ ಮುಖವನ್ನು ಕೆಡಿಸಿರಲಿಲ್ಲ. ಒಂದೇ ಬಾವು ಮೊದಲು ನೋವಾಗಿ, ಆಮೇಲೆ ಸೊಟ್ಟ ಬಾಯಾಗಿ ಕಂಡಿತ್ತು. ಆ ಎರಡು ದಿನದ ನೋವಷ್ಟನ್ನೇ ನೋಡಿ ಯಾರೂ ಇದನ್ನು ಮುಂಗಾಣಲಾರರು. ಎಣ್ಣೆ ಬಿಟ್ಟು ಹೊತ್ತು ಕಳೆದೆನೆಂದು ಕೊರಗುತ್ತಿದ್ದವನಿಗೆ ಡಾಕ್ಟರು ಹೇಳಿದರು, ‘ಲೆಕ್ಕ ಹಿಡಿಯೋದು ಮುಖ ಸೋತ ಹೊತ್ತಿನಿಂದ, ನೋವಿನಿಂದ ಅಲ್ಲ.’ ಪ್ರೆಡ್ನಿಸೋಲೋನ್ ಗುಳಿಗೆ 72 ತಾಸಿನೊಳಗೆ ಶುರುವಾಗಬೇಕು. ಅದು ಸಕ್ಕರೆ ಏರಿಸುವುದರಿಂದ ಮೊದಲು ರಕ್ತ ನೋಡಿಸಿ, ಹತ್ತು ದಿನಕ್ಕೆ ಬರೆದುಕೊಟ್ಟರು. ಕಣ್ಣು ಒಣಗಿ ಗಾಯವಾಗದಂತೆ ಹಗಲು ಹನಿ ಮದ್ದು, ರಾತ್ರಿ ರೆಪ್ಪೆಗೆ ಪಟ್ಟಿ.

ಆದರೆ ಕಿವಿಯೇ ನಿಜವಾದ ಕಾರಣವಾಗುವುದೂ ಉಂಟು. ವರ್ಷಗಟ್ಟಲೆ ನಾರುವ ಕೀವು ಸೋರುವ ಕಿವಿಯಲ್ಲಿ ಚರ್ಮದಂಥ ಗಡ್ಡೆ ಬೆಳೆದು ಎಲುಬನ್ನು ಸವೆಸಿ ನರವನ್ನು ಮುಟ್ಟುತ್ತದೆ. ಅದು ಬೆಲ್ಸ್ ಪಾಲ್ಸಿ ಅಲ್ಲ, ಗುಳಿಗೆಯಿಂದಷ್ಟೇ ಹೋಗುವುದಿಲ್ಲ, ಆಪರೇಷನ್ ಬೇಕು. ಕಿವಿಯಲ್ಲಿ ನೀರುಗುಳ್ಳೆ ಎದ್ದಿದ್ದರೆ ಅದು ಸರ್ಪಸುತ್ತಿನ ವೈರಸ್, ಅದರ ಔಷಧವೂ ಸೇರಬೇಕು. ತಮಟೆ ತೂತಾಗಿರುವ ಕಿವಿಗೆ ಎಣ್ಣೆಯೇ ಕೇಡು.

ಮೂರನೆಯ ವಾರ ನನ್ನ ಹುಬ್ಬು ತುಸು ಅಲುಗಿತು. ಮುಖ ತಿರುಗಿ ಮೊದಲಿನಂತಾಗಲು ಮೂರು ತಿಂಗಳು ಹಿಡಿಯಿತು.

ನಿಮ್ಮ ಮನೆಯಲ್ಲಿ ಯಾರ ಬಾಯಾದರೂ ಸೊಟ್ಟಾದರೆ ಅದೇ ದಿನ ಡಾಕ್ಟರ ಬಳಿ ಕರೆದೊಯ್ಯಿರಿ, ಕಿವಿಯೊಳಗೂ ನೋಡಿರೆಂದು ಕೇಳಿರಿ. ಹಣೆ ಸರಿಯಿದ್ದರೆ, ಅಥವಾ ಕೈ ಸೋತು ಮಾತು ತೊದಲಿದರೆ, ಒಂದು ಗಳಿಗೆಯೂ ಕಾಯದೆ ದೊಡ್ಡ ದವಾಖಾನೆಗೆ ಹೊರಡಿರಿ.